ಜಾನ್ ಬೀಯವರ ಆಕ್ಟೋಪಸ್ ಕಳೆದುಹೋದದ್ದು

ಜಾನ್ ಬೀಯವರ ಮನೆಯಲ್ಲಿ ಕಾನೂನು ಒಂದೇ: ಒಲೆ ಒಂದೇ ಇರಬೇಕು. ಉಳಿದದ್ದೆಲ್ಲ ಈ ಕಾನೂನಿನ ಬಾಲ. ಚಹಾ ಒಂದೇ ಪಾತ್ರೆಯಲ್ಲಿ ಕುದಿಯಬೇಕು, ಸಕ್ಕರೆ ಬೇಡದವರು ಬೇಡ ಎನ್ನದೆ ಕುಡಿಯಬೇಕು, ಸೋಪಿನ ಬಿಲ್ಲೆ ಸವೆದು ಎಲೆಯಾದರೂ ಎಲ್ಲರ ಕೈಯಲ್ಲೂ ಅದೇ ಸವೆಯಬೇಕು.

ಹುಣಸೂರಿನ ಆ ಗಲ್ಲಿಯಲ್ಲಿ ಈ ಕಾನೂನಿಗೆ ಕಾರಣ ಗೊತ್ತಿಲ್ಲದವರಿಲ್ಲ. ಕಂಪಲಾಪುರದಿಂದ ಮದುವೆಯಾಗಿ ಬಂದಾಗ ಜಾನ್ ಬೀ ಕಂಡದ್ದು ತುಂಬಿದ ಮನೆ. ಅತ್ತೆ, ಮಾವ, ಮೈದುನ, ಬರುಬರುತ್ತಾ ಮೈದುನನ ಹೆಂಡತಿ, ಎರಡೂ ಕಡೆಯ ಮಕ್ಕಳು. ಒಂದು ದಿನ ಮೈದುನನ ಹೆಂಡತಿ ತನ್ನ ಕೂಸಿಗೆ ಖಾರ ಕಡಿಮೆ ಬೇಕೆಂದು ಹಿತ್ತಲಲ್ಲಿ ಸಣ್ಣದೊಂದು ಸೀಮೆಎಣ್ಣೆ ಸ್ಟೌ ಇಟ್ಟುಕೊಂಡಳು. ಸ್ಟೌ ಪಕ್ಕಕ್ಕೆ ಒಂದು ಗೂಡು ಬಂತು, ಗೂಡಿಗೆ ಒಂದು ಮಾಡು ಬಂತು, ಕೊನೆಗೆ ಅಂಗಳದ ನಡುವೆ ಗೋಡೆಯೇ ಎದ್ದಿತು. ಜಾನ್ ಬೀಯ ಗಂಡ, ಬಡಗಿಯಾದ ಬಷೀರ್ ಸಾಬರು ತಮ್ಮನ ಪಾಲಿನ ಮನೆಗೆ ತಾವೇ ಬಾಗಿಲು ಮಾಡಿ ಕೂರಿಸಬೇಕಾಯಿತು. ಅವತ್ತು ಗಂಡ ಉಳಿ ಹಿಡಿದು ಕೂತದ್ದನ್ನು ನೋಡಿ ಜಾನ್ ಬೀ ಅತ್ತಷ್ಟು ತವರು ಬಿಟ್ಟು ಬಂದಾಗಲೂ ಅತ್ತಿರಲಿಲ್ಲ. ಆಮೇಲೆ ಅವರು ತಮ್ಮ ಇಬ್ಬರು ಗಂಡುಮಕ್ಕಳನ್ನು ಕೋಳಿ ಮರಿಗಳನ್ನು ಕಾಯುವ ಹಾಗೆ ಕಾದರು. ದೊಡ್ಡವನು ಮುದಸ್ಸಿರ್, ಅಪ್ಪ ಮಾಡಿದ ಮಂಚಗಳನ್ನು ಪಿರಿಯಾಪಟ್ಟಣ, ಕೆ.ಆರ್. ನಗರದ ಅಂಗಡಿಗಳಿಗೆ ಆಟೋದಲ್ಲಿ ಸಾಗಿಸುವವನು. ಚಿಕ್ಕವನು ಮುಬಷೀರ್, ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿರುವವನು. ಮಂಚ ಗಂಡನದು, ಆ ಮಂಚಕ್ಕೆ ಹತ್ತಿ ತುಂಬಿ ಹಾಸಿಗೆ ಹೊಲಿಯುವುದು ಜಾನ್ ಬೀಯದು.

ಮನೆಗೆ ದೊಡ್ಡ ಟಿವಿ ತಂದವನು ಮುಬಷೀರ್. ಈದ್ ಹಬ್ಬದ ಮರುದಿನ ಅದನ್ನು ಗೋಡೆಗೆ ಹೊಡೆದು ಕೂರಿಸಿ, ವೈಫೈ ಜೋಡಿಸಿ, ತಿಂಗಳ ಚಂದಾ ಕಟ್ಟಿ ಸಿನಿಮಾ ಬರುವ ಒಂದು ಆ್ಯಪ್ ಹಾಕಿದ. ಅದರಲ್ಲಿ ಖಾತೆ ತೆರೆಯುವಾಗ ಹೆಸರು ಕೇಳಿತು. ಅಪ್ಪ ಇರುವಾಗ ಬೇರೆಯವರ ಹೆಸರು ಬರೆಯುವುದುಂಟೇ? ‘ಬಷೀರ್’ ಎಂದು ಬರೆದ. ಅವತ್ತೇ ಮುದಸ್ಸಿರನ ಹೆಂಡತಿ ನಿಖತ್ ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದ್ದಳು.

“ಅಮ್ಮೀ, ಇದ್ರಲ್ಲಿ ಐದು ಪ್ರೊಫೈಲ್ ಮಾಡ್ಕೋಬೋದು. ದುಡ್ಡೇನೂ ಜಾಸ್ತಿ ಇಲ್ಲ. ಒಬ್ಬೊಬ್ರಿಗೆ ಒಂದೊಂದು ಹೆಸರು. ಅವ್ರವ್ರು ನೋಡಿದ್ದು ಅವ್ರವ್ರ ಹೆಸರಲ್ಲೇ ಇರುತ್ತೆ. ಇಲ್ದಿದ್ರೆ ಎಲ್ಲಾ ಕಲಸೋಗುತ್ತೆ.”

ಜಾನ್ ಬೀ ಸೂಜಿಯಿಂದ ತಲೆ ಎತ್ತಿದರು. “ಒಂದು ಟಿವಿಗೆ ಐದು ಹೆಸರಾ?”

“ಖಾತೆ ಒಂದೇ ಅಮ್ಮೀ, ಒಳಗೆ ಮಾತ್ರ...”

“ಒಳಗೆ ಮಾತ್ರ ಬೇರೆ. ಹಿತ್ತಲಲ್ಲಿ ಸ್ಟೌ ಇಟ್ಟಾಗ್ಲೂ ಇದೇ ಮಾತು ಕೇಳಿದ್ದೆ ಕಣಮ್ಮಾ ನಾನು. ಇವತ್ತು ಟಿವಿಲಿ ಬೇರೆ, ನಾಳೆ ಒಲೇಲಿ ಬೇರೆ. ಒಂದೇ ಹೆಸರಲ್ಲಿ ಎಲ್ಲಾರೂ ನೋಡಿ. ಕಲಸಿದ್ರೆ ಕಲಸ್ಲಿ ಬುಡು, ಬಿಸಿಬೇಳೆಬಾತೂ ಕಲಸೇ ತಾನೆ ರುಚಿ?”

ನಿಖತ್ ರಿಮೋಟನ್ನು ಟಿವಿಯ ಪಕ್ಕಕ್ಕಿಟ್ಟಳು. ಅವಳು ಬಿ.ಕಾಂ. ಓದಿದವಳು. ಅತ್ತೆಗೆ ಎದುರಾಡಬಾರದ ವಿಷಯಗಳನ್ನೆಲ್ಲ ಮದುವೆಯಾದ ಮೊದಲ ವಾರದಲ್ಲೇ ಮನನ ಮಾಡಿಕೊಂಡಿದ್ದಳು.

ಆದರೆ ಟಿವಿಯ ರುಚಿ ಮೊದಲು ಹತ್ತಿದ್ದು ಯಾರಿಗೆ ಎನ್ನುತ್ತೀರಿ? ಜಾನ್ ಬೀಗೇ! ಮಧ್ಯಾಹ್ನದ ಊಟ ಮುಗಿದು ಗಂಡಸರು ಕೆಲಸಕ್ಕೆ ಹೋಗಿ, ನಿಖತ್ ಮಗಳನ್ನು ಶಾಲೆಯಿಂದ ಕರೆತರುವವರೆಗಿನ ಹೊತ್ತು ಅವರ ಮಂಡಿ ನೋಯುವ ಹೊತ್ತು. ಒಂದು ದಿನ ಮಂಡಿಗೆ ಎಣ್ಣೆ ತಿಕ್ಕುತ್ತಾ ರಿಮೋಟಿನ ಮೇಲೆ ಮೊಣಕೈ ಊರಿದರು. ಪರದೆಯ ಮೇಲೆ ನೀರು ತುಂಬಿಕೊಂಡಿತು. ನೀಲಿ ನೀರು, ಅದರೊಳಗೆ ಹೂವಿನ ತೋಟದಂಥದ್ದೇನೋ, ತೋಟದಲ್ಲಿ ಬಣ್ಣಬಣ್ಣದ ಮೀನು. ಕನ್ನಡದಲ್ಲೇ ಒಬ್ಬಾತ ಮೆಲ್ಲಗೆ ವಿವರಿಸುತ್ತಿದ್ದ. ಲಕ್ಷ್ಮಣತೀರ್ಥದ ಕಂದು ನೀರು, ಸಂತೆಯಲ್ಲಿ ಬಾಯಿ ತೆರೆದು ಮಲಗಿದ ಮೀನು ಬಿಟ್ಟರೆ ಬೇರೆ ಕಂಡಿರದ ಜಾನ್ ಬೀ ಎಣ್ಣೆಯ ಕೈ ಹಾಗೇ ಹಿಡಿದು ಕೂತುಬಿಟ್ಟರು. ಸಮುದ್ರವನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ.

ಮರುದಿನ ಟಿವಿ ಹಾಕಿದರೆ ಮೀನಿನ ಇನ್ನೊಂದು ಚಿತ್ರ ಎದುರಿಗೇ ಬಂದು ನಿಂತಿತ್ತು. ಅದರ ಮರುದಿನ ಆಮೆ. ಆಮೇಲೆ ತಿಮಿಂಗಿಲ.

“ನಾನೇನೂ ಕೇಳ್ಳಿಲ್ಲ ಕಣೇ, ಅದೇ ತಿಳ್ಕೊಂಡು ತಂದು ಇಡುತ್ತೆ,” ಎಂದು ಪಕ್ಕದ ಮನೆಯ ಶಿವರುದ್ರಮ್ಮನಿಗೆ ಹೇಳಿಕೊಂಡರು. “ಹೆತ್ತ ಮಕ್ಳಿಗೂ ನನ್ನ ಮನಸ್ಸು ಇಷ್ಟು ಗೊತ್ತಿಲ್ಲ.”

ಅವರಿಗೆ ಹುಡುಕಿ ತೆಗೆಯಲು ಬರುತ್ತಿರಲಿಲ್ಲ. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಹೋಗುವುದೆಂದರೆ ಜರಡಿಯಲ್ಲಿ ನೀರು ಹೊತ್ತಂತೆ. ಟಿವಿ ತಾನಾಗಿ ತಂದಿಟ್ಟದ್ದೇ ಅವರ ಪಾಲಿಗೆ ಊಟ. ಹಾಗೆ ಒಂದು ದಿನ ಅದು ಆಕ್ಟೋಪಸ್ ತಂದಿಟ್ಟಿತು.

ಮೊದಲು ಎಂಟು ಕೈಗಳನ್ನು ನೋಡಿ “ತೋಬಾ!” ಎಂದರು. ಹತ್ತು ನಿಮಿಷಕ್ಕೆ ಅದರ ಪಕ್ಷ ಸೇರಿದರು. ಅದೊಂದು ತಾಯಿ. ಬಂಡೆಯ ಪೊಟರೆಯಲ್ಲಿ ಮೊಟ್ಟೆ ಇಟ್ಟಿತ್ತು. ಮಲ್ಲಿಗೆ ಮೊಗ್ಗಿನ ದಂಡೆಗಳಂತೆ ಮಾಡಿನಿಂದ ಇಳಿಬಿದ್ದ ಮೊಟ್ಟೆಗಳು, ಸಾವಿರಾರು. ತಾಯಿ ತನ್ನ ಎಂಟೂ ಕೈಗಳಿಂದ ಅವನ್ನು ತಬ್ಬಿಕೊಂಡು, ಹೊಸ ನೀರು ಊದುತ್ತಾ, ಕಸ ತೆಗೆಯುತ್ತಾ, ತಾನು ಮಾತ್ರ ಒಂದು ತುತ್ತೂ ತಿನ್ನದೆ ಕೂತಿತ್ತು. ಎದುರಿಗೆ ಏಡಿ ಹಾದುಹೋದರೂ ಕೈ ಚಾಚಲಿಲ್ಲ. ದಿನದಿನಕ್ಕೆ ಬಿಳಿಚಿಕೊಂಡಿತು. “ತಿನ್ನೇ, ಒಂಚೂರು ತಿನ್ನೇ,” ಎಂದು ಜಾನ್ ಬೀ ಟಿವಿಗೆ ಹೇಳಿದರು. ಅಷ್ಟರಲ್ಲಿ ಹಾಸಿಗೆಯ ಗಿರಾಕಿಗಳು ಬಾಗಿಲು ಬಡಿದರು. ನಿಲ್ಲಿಸಿ ಎದ್ದರು. ನಾಳೆ ನೋಡಿದರಾಯಿತು, ಎಲ್ಲಿ ಹೋಗುತ್ತದೆ ಅದು?

ಮರುದಿನ ಟಿವಿ ಹಾಕಿದರು. ಆಕ್ಟೋಪಸ್ ಇರಲಿಲ್ಲ.

ಆ ಜಾಗದಲ್ಲಿ ಕೂದಲು ಕೆದರಿಕೊಂಡ ಹೆಂಗಸೊಬ್ಬಳು ಬಾವಿಯಿಂದ ಏಳುತ್ತಿದ್ದಳು. ಅವಳ ಪಕ್ಕದಲ್ಲಿ ಕಣ್ಣಿಲ್ಲದ ಮಗು, ಆಚೆ ರಕ್ತದ ಕೊಡಲಿ, ಅದರಾಚೆ ಸ್ಮಶಾನ. ಕೆಳಗಿನ ಸಾಲು ನೋಡಿದರೆ ಅಲ್ಲೂ ದೆವ್ವ. ‘ನೋಡುವುದನ್ನು ಮುಂದುವರಿಸಿ’ ಎಂಬ ಸಾಲಿನಲ್ಲಿ ಅರ್ಧ ನೋಡಿ ಬಿಟ್ಟ ದೆವ್ವಗಳು ಒಂದರ ಹಿಂದೊಂದು ಕ್ಯೂ ನಿಂತಿದ್ದವು. ಹೊಸದಾಗಿ ನೋಡಿದ್ದು ಮುಂದೆ ಬಂದು ಹಳೆಯದು ಹಿಂದಕ್ಕೆ ಸರಿಯುವುದು ಆ ಸಾಲಿನ ಕ್ರಮ. ಆಕ್ಟೋಪಸ್ ಆ ಕ್ಯೂನ ಬಾಲದಲ್ಲಿ ಎಲ್ಲೋ ಇತ್ತು. ಆದರೆ ಕಣ್ಣಿಗೆ ಕಂಡಷ್ಟೇ ಟಿವಿ ಎಂದು ನಂಬಿದ್ದ ಜಾನ್ ಬೀಗೆ ಅಷ್ಟು ಬಲಕ್ಕೆ ಸರಿಸಿ ನೋಡಬೇಕೆಂದು ತಿಳಿಯಲಿಲ್ಲ.

ಅವರಿಗೆ ಊಟ ಸೇರಲಿಲ್ಲ. ಆ ಮೊಟ್ಟೆಗಳು ಒಡೆದವೋ ಇಲ್ಲವೋ? ತಾಯಿ ಏನಾದರೂ ತಿಂದಳೋ? ಹತ್ತಿ ಬಿಡಿಸುವಾಗ, ಅನ್ನ ಬಸಿಯುವಾಗ ಅದೇ ಯೋಚನೆ. ನಿಖತ್‌ಳನ್ನು ಕೇಳಿದರೆ ಒಂದು ನಿಮಿಷದ ಕೆಲಸ. ಆದರೆ ಹೇಗೆ ಕೇಳುವುದು? ‘ಕಲಸಿದರೆ ಕಲಸಲಿ’ ಎಂದ ಬಾಯಿ ಇದೇ ತಾನೆ!

ಕೇಳುವ ಬದಲು ಕಳ್ಳನನ್ನು ಹಿಡಿಯಲು ಹೊರಟರು. ಮೊದಲ ಅನುಮಾನ ಮುಬಷೀರನ ಮೇಲೆ. ವಯಸ್ಸಿನ ಹುಡುಗ, ಮದುವೆಯಾಗದವನು, ದೆವ್ವ ನೋಡದೆ ಇನ್ನೇನು ನೋಡುತ್ತಾನೆ?

“ನಾನಾ? ಅಮ್ಮೀ, ನಾನು ಕ್ರಿಕೆಟ್ ಸಾಕ್ಷ್ಯಚಿತ್ರ ನೋಡ್ತಿದ್ದೆ. ಅದೂ ಈಗ ಕಾಣ್ತಿಲ್ಲ. ಹಾಕಿದ್ರೆ ಸಾಕು, ಮೀನು ಇಲ್ಲಾ ದೆವ್ವ. ಈ ಮನೇಲಿ ಮೀನು ನೋಡೋರು ಯಾರು ಅಂತ ನಾನೇ ಕೇಳಣ ಅಂತಿದ್ದೆ.”

ಜಾನ್ ಬೀಗೆ ಒಲೆಯ ಮೇಲೆ ಹಾಲು ಇಟ್ಟದ್ದು ತಟ್ಟನೆ ನೆನಪಾಗಿ ಒಳಗೆ ಹೋದರು. ಹಾಲು ಇಟ್ಟಿರಲಿಲ್ಲ.

ಎರಡನೆಯ ಅನುಮಾನ ನಿಖತ್ ಮೇಲೆ. ಬಾಯಲ್ಲಿ ‘ಅಮ್ಮೀ ಅಮ್ಮೀ’, ಒಳಗೆ ಬಾವಿಯ ಹೆಂಗಸು? ಆದರೆ ಅವಳು ನೋಡುತ್ತಿದ್ದದ್ದು ಕೇಕ್ ಮಾಡುವವರ ಪೈಪೋಟಿ. ತಾನೂ ಮನೆಯಲ್ಲಿ ಕೇಕ್ ಮಾಡಿ ಮಾರಬೇಕೆಂಬುದು ಅವಳ ಆಸೆ, ಅದನ್ನು ಅತ್ತೆಯೆದುರು ಇನ್ನೂ ಆಡಿರಲಿಲ್ಲ.

ಬಷೀರ್ ಸಾಬರ ಮೇಲಂತೂ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಆಕ್ಟೋಪಸ್ ಕಂಡ ದಿನವೇ ಸಂಜೆ ಮರ ಸೀಳುವ ಯಂತ್ರಕ್ಕೆ ಹೆಬ್ಬೆರಳು ತಾಗಿ, ಹೊಲಿಗೆ ಹಾಕಿಸಿಕೊಂಡು ಮನೆಯಲ್ಲಿದ್ದರು. ಕೈಗೆ ಬದನೆಕಾಯಿ ಗಾತ್ರದ ಬ್ಯಾಂಡೇಜು. “ಟಿವಿ ಅಂದ್ರೆ ಟೈಮ್ ವೇಸ್ಟು. ನಾನು ನ್ಯೂಸ್ ಬಿಟ್ರೆ ಬೇರೆ ನೋಡಲ್ಲ,” ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಮಾತು ಜಾನ್ ಬೀಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗಂಡನ ಹೆಗಲನ್ನು ನೋಡಬೇಕೆಂದು ಅವರಿಗೆ ಹೊಳೆಯಲಿಲ್ಲ.

ಕಳ್ಳ ಸಿಗದಾಗ ಜಾನ್ ಬೀ ತಮ್ಮದೇ ಮದ್ದು ಹೂಡಿದರು. ನೋಡಿದ್ದನ್ನೇ ಟಿವಿ ಮತ್ತೆ ತಂದಿಡುತ್ತದಲ್ಲವೆ? ಹಾಗಾದರೆ ಅದರ ಹೊಟ್ಟೆಗೆ ಬರೀ ಮೀನನ್ನೇ ಹಾಕೋಣ! ಕೆಳಗಿನ ಸಾಲಿನಲ್ಲಿ ಅದು ಹೇಗೋ ಉಳಿದಿದ್ದ ಒಂದು ಮೀನಿನ ಸರಣಿ ಸಿಕ್ಕಿತು. ಬೆಳಿಗ್ಗೆ ಬಷೀರ್ ಸಾಬರು ಆಸ್ಪತ್ರೆಗೋ ಮಸೀದಿ ಕಟ್ಟೆಗೋ ಹೋದ ಕೂಡಲೇ ಅದನ್ನು ಹಚ್ಚಿ, ತಾವು ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಒಂದು ಕಂತು ಮುಗಿದರೆ ಇನ್ನೊಂದು ತಾನಾಗಿ ಶುರುವಾಗುತ್ತಿತ್ತು. ‘ಇನ್ನೂ ನೋಡುತ್ತಿದ್ದೀರಾ?’ ಎಂದು ಟಿವಿ ನಡುವೆ ನಿಂತು ಕೇಳಿದಾಗ ಈರುಳ್ಳಿ ಕೈಯಲ್ಲೇ ಓಡಿಬಂದು ‘ಹೌದು’ ಒತ್ತುತ್ತಿದ್ದರು.

ಮದ್ದು ಹತ್ತಿತು, ಆದರೆ ತಪ್ಪು ರೋಗಿಗೆ. ಮನೆ ತುಂಬ ಮೀನಿನ ಹಾವಳಿ. ಕೇಕ್ ನೋಡಲು ಕೂತ ನಿಖತ್‌ಗೆ ಶಾರ್ಕ್, ಕ್ರಿಕೆಟ್ಟಿಗೆ ಕೂತ ಮುಬಷೀರನಿಗೆ ಜೆಲ್ಲಿ ಮೀನು. ಮೀನಿನ ಎರಡನೆ ದಿನ ಮಧ್ಯಾಹ್ನಕ್ಕೆ ದೆವ್ವಗಳೂ ದುಪ್ಪಟ್ಟಾಗಿ ತಿರುಗಿ ಬಂದವು. ಆಕ್ಟೋಪಸ್ ಮಾತ್ರ ಬರಲಿಲ್ಲ. ಟಿವಿಗಾದರೂ ಏನು ಗೊತ್ತು ಪಾಪ? ಅದರ ಲೆಕ್ಕದಲ್ಲಿ ನೋಡುತ್ತಿದ್ದವನು ಬಷೀರ್ ಎಂಬ ಒಬ್ಬನೇ ಮನುಷ್ಯ. ಆ ಬಷೀರನಿಗೆ ಬೆಳಿಗ್ಗೆ ಮೀನು ಬೇಕು, ಸಂಜೆ ಕಾರ್ಟೂನು, ಆಮೇಲೆ ಕೇಕು, ಹೊತ್ತಲ್ಲದ ಹೊತ್ತಿನಲ್ಲಿ ಪಿಶಾಚಿ ಬೇಕು. ತಲೆ ಸರಿಯಿಲ್ಲದ ಗಿರಾಕಿ ಎಂದುಕೊಂಡು ಎಲ್ಲವನ್ನೂ ಚೂರುಚೂರು ಬಡಿಸುತ್ತಿತ್ತು.

ಇದರ ನಡುವೆ ಸಿಕ್ಕಿಕೊಂಡದ್ದು ಮೊಮ್ಮಗಳು ಉಮ್ಮೆ ಹಾನಿ. ಒಂದನೆಯ ತರಗತಿಯ ಹುಡುಗಿ. ಶಾಲೆಯಿಂದ ಬಂದು ಕಾರ್ಟೂನ್ ಹಾಕಲು ರಿಮೋಟ್ ಹಿಡಿದವಳು ಬಾವಿಯ ಹೆಂಗಸಿನ ಚಿತ್ರದ ಮೇಲೆ ಒಂದು ಗಳಿಗೆ ತಡೆದು ನಿಂತಳು. ಹಾಗೆ ತಡೆದರೆ ಚಿತ್ರದ ತುಣುಕು ತಾನಾಗಿಯೇ ಓಡತೊಡಗುತ್ತದೆ. ಬಾವಿಯ ಹೆಂಗಸು ನೇರ ಇವಳ ಕಡೆಗೇ ಬಂದಳು! ಅವತ್ತಿನಿಂದ ಉಮ್ಮೆ ಹಾನಿ ಬಚ್ಚಲಿಗೆ ಒಬ್ಬಳೇ ಹೋಗುವುದನ್ನು ಬಿಟ್ಟಳು. ಹಿತ್ತಲ ಬಚ್ಚಲ ಬಾಗಿಲ ಹೊರಗೆ ದಾದಿ, ಅಂದರೆ ಅಜ್ಜಿ, ನಿಂತು “ಇದ್ದೀನಿ, ಇದ್ದೀನಿ,” ಎನ್ನುತ್ತಲೇ ಇರಬೇಕು. ನೋಯುವ ಮಂಡಿಯ ಮೇಲೆ ನಿಂತು ಜಾನ್ ಬೀ ಆ ದೆವ್ವ ನೋಡುವವನಿಗೆ ಉರ್ದುವಿನಲ್ಲೂ ಕನ್ನಡದಲ್ಲೂ ಶಾಪ ಹಾಕಿದರು.

“ನಮ್ಮನೇಲೂ ಇಂಗೇ ಆಗಿತ್ತು ಕಣಕ್ಕ,” ಎಂದರು ಕಾಂಪೌಂಡಿನಾಚೆ ಬಟ್ಟೆ ಹರವುತ್ತಿದ್ದ ಶಿವರುದ್ರಮ್ಮ. “ನಮ್ಮ ಬೃಂದಾ ಎಲ್ಲಾರ್ಗೂ ಬ್ಯಾರೆ ಬ್ಯಾರೆ ಹೆಸ್ರು ಮಾಡ್ಬುಟ್ಟವ್ಳೆ. ಮಕ್ಕಳ ಹೆಸ್ರು ಒತ್ತಿದ್ರೆ ಮಕ್ಕಳದ್ದು ಮಾತ್ರ ಬತ್ತದೆ, ದೆವ್ವ ಗಿವ್ವ ಒಂದೂ ಬರಾಕಿಲ್ಲ. ನನ್ ಹೆಸ್ರಲ್ಲಿ ಬರೀ ಭಕ್ತಿ ಸಿನಿಮಾ. ನೀವೂ ಮಾಡ್ಕಳಿ.”

“ನಮ್ಮಲ್ಲಿ ಬೇರೆ ಮಾಡಲ್ಲ ಶಿವರುದ್ರಮ್ಮ.”

“ಅಯ್ಯೋ, ಅದ್ಕೂ ಇದ್ಕೂ ಏನ್ ಸಂಬಂಧ ಬುಡಿ,” ಎಂದು ಶಿವರುದ್ರಮ್ಮ ಸೀರೆ ಕೊಡವಿದರು. ಜಾನ್ ಬೀಯವರ ಕಣ್ಣು ಅಂಗಳದ ಗೋಡೆಯ ಮೇಲಿತ್ತು.

ಕಳ್ಳ ಸಿಕ್ಕಿದ್ದು ಗುರುವಾರ. ಗುರುಪುರದಲ್ಲಿ ಒಂದು ಮದುವೆಯ ಮನೆಗೆ ಹಾಸಿಗೆ ಅಳತೆ ನೋಡಲು ಹೋಗಬೇಕಿದ್ದ ಜಾನ್ ಬೀ, ಬಸ್ ತಪ್ಪಿ ಮಧ್ಯಾಹ್ನಕ್ಕೇ ವಾಪಸು ಬಂದರು. ಮನೆಯೊಳಗಿನಿಂದ ಹೆಂಗಸೊಬ್ಬಳು ಕಿಟಾರನೆ ಕಿರುಚಿದ್ದು ಕೇಳಿಸಿತು. ಚಪ್ಪಲಿ ಬಿಡದೆ ನುಗ್ಗಿದರು. ಕುರ್ಚಿಯಲ್ಲಿ ಬಷೀರ್ ಸಾಬರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮಡಿಲಲ್ಲಿ ಬ್ಯಾಂಡೇಜಿನ ಕೈ, ಕೈಯ ಕೆಳಗೆ ರಿಮೋಟ್. ಎದುರಿಗೆ ದೆವ್ವವು ಒಂದು ಇಡೀ ಕುಟುಂಬವನ್ನು ಮುಗಿಸಿ, ಮುಂದಿನ ಕಂತಿಗೆ ತಾನೇ ಹೊರಡುತ್ತಿತ್ತು.

ಎಲ್ಲ ಬೆಳಕಾಯಿತು. ತಾವು ಹಾಸಿಗೆ ಅಳತೆಗೆ ಹೊರಗೆ ಹೋದಾಗ, ರಾತ್ರಿ ಎಲ್ಲರೂ ಮಲಗಿದಾಗ, ಈ ಮನುಷ್ಯ ಅರ್ಧ ಕಂತು ನೋಡಿ ನಿದ್ದೆ ಹೋಗುತ್ತಾರೆ. ದೆವ್ವ ಮಾತ್ರ ನಿದ್ದೆ ಹೋಗುವುದಿಲ್ಲ, ಟಿವಿ ನಿಂತು ಕೇಳುವವರೆಗೂ ಒಂದರ ಮೇಲೊಂದು ಓಡುತ್ತಲೇ ಇರುತ್ತದೆ. ಟಿವಿಯ ಪ್ರಕಾರ ಅದನ್ನೆಲ್ಲ ಬಷೀರ್ ಎಚ್ಚರವಾಗಿ ಕೂತು ಆಸ್ವಾದಿಸಿದ ಲೆಕ್ಕ!

“ಏನ್ರೀ, ನ್ಯೂಸ್ ಮುಗೀತಾ?”

ಬಷೀರ್ ಸಾಬರು ಬೆಚ್ಚಿ ಎದ್ದರು. ಪರದೆ ನೋಡಿದರು, ಹೆಂಡತಿಯನ್ನು ನೋಡಿದರು. “ಇದು... ತಾನಾಗೇ ಬಂತು.”

“ನಾಚ್ಕೆ ಆಗಲ್ವಾ? ಮಗು ಬಚ್ಚಲಿಗೆ ಹೋಗಕ್ಕೆ ಹೆದರ್ತಾ ಇದೆ. ನನ್ನ ಮಂಡಿ ಬಿದ್ದೋಯ್ತು. ನನ್ನ ಆಕ್ಟೋಪಸ್ಸು...” ಎಂದವರು ನಾಲಗೆ ಕಚ್ಚಿಕೊಂಡರು.

“ನಿನ್ನ ಏನು?”

ಜಾನ್ ಬೀ ಕೆಂಪಾದರು. ಬಷೀರ್ ಸಾಬರ ಮುಖದಲ್ಲಿ ನಿಧಾನವಾಗಿ ಬೆಳಗಾಯಿತು. “ಓಹೋ! ಆ ಮೀನೆಲ್ಲ ನಿಂದಾ? ನನ್ನ ದೆವ್ವಗಳ ನಡುವೆ ಕಪ್ಪೆಚಿಪ್ಪು ತಂದು ಸುರೀತಿದ್ದೋಳು ನೀನಾ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದೇನೋ ಸರಿ, ಒಂದೇ ಬಟ್ಟಲಿಗೆ ಎರಡು ಬೆಕ್ಕು ಬಾಯಿಟ್ಟರೆ ಏನು ಗತಿ? ಯಾರೂ ಯಾರ ಮೇಲೂ ದೂರು ಹೇಳುವಂತಿರಲಿಲ್ಲ.

ಮರುದಿನ ಶುಕ್ರವಾರ. ಅವತ್ತು ನಮಾಜ್ ಮುಗಿಸಿ ಬಂದ ಮೇಲೆ ಮನೆಯವರೆಲ್ಲ ದಸ್ತರ್‌ಖಾನ್ ಎಂಬ ಊಟದ ಬಟ್ಟೆ ಹಾಸಿ, ಒಂದೇ ದೊಡ್ಡ ಹರಿವಾಣದ ಸುತ್ತ ಕೂತು ಉಣ್ಣುವುದು ಜಾನ್ ಬೀ ಎಂದೂ ತಪ್ಪಿಸದ ಪದ್ಧತಿ. ಅಗಲವಾದ ಹರಿವಾಣ, ಗುಡ್ಡದಂತೆ ಅನ್ನ, ಮೇಲೆ ಮಾಂಸದ ಸಾರು. ಆರು ಜನ, ಆರು ಕೈ. ಉಮ್ಮೆ ಹಾನಿ ಬಿಸ್ಮಿಲ್ಲಾ ಹೇಳಿದವಳೇ ತನ್ನ ಮುಂದಿನ ಅನ್ನ ಬಿಟ್ಟು, ಕೈ ಉದ್ದ ಮಾಡಿ ಅಜ್ಜನ ಮುಂದಿದ್ದ ಆಲೂಗಡ್ಡೆಗೆ ಹಾಕಿದಳು.

ಜಾನ್ ಬೀ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದರು. ತಮ್ಮ ಅಜ್ಜಿ ಕಲಿಸಿದ್ದು, ತಮ್ಮ ಮಕ್ಕಳಿಗೆ ಕಲಿಸಿದ್ದು, ಅದನ್ನೇ ಮೊಮ್ಮಗಳಿಗೂ ಹೇಳಿದರು. “ನಿನ್ನ ಮುಂದಿರೋದನ್ನ ತಿನ್ನಬೇಕು ಕಣಮ್ಮಾ. ಹರಿವಾಣ ಎಲ್ಲರದ್ದು. ಆದ್ರೆ ಅವ್ರವ್ರ ಬದಿ ಅವ್ರವ್ರದ್ದು. ಬೇರೆಯವ್ರ ಬದೀಗೆ ಕೈ ಹಾಕಿ ಕಲಸಬಾರ್ದು.”

ಹೇಳಿದ ಮೇಲೆ ಅವರ ತುತ್ತು ಅರ್ಧದಲ್ಲೇ ನಿಂತಿತು.

ನಿಖತ್ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು, ಅವಳ ಬದಿಯ ಅನ್ನವನ್ನು ಮಾತ್ರ. ಇಷ್ಟು ವರ್ಷ ಪ್ರತಿ ಶುಕ್ರವಾರ ಒಂದೇ ಹರಿವಾಣದಲ್ಲಿ ಆರು ಬದಿ ಇದ್ದವು. ಮುದಸ್ಸಿರ್ ಖಾರ ಸುರಿದುಕೊಳ್ಳುತ್ತಿದ್ದ, ನಿಖತ್ ನಿಂಬೆ ಹಿಂಡಿಕೊಳ್ಳುತ್ತಿದ್ದಳು, ಮುಬಷೀರ್ ಮೊಸರು ಹಾಕಿಕೊಳ್ಳುತ್ತಿದ್ದ. ಹರಿವಾಣ ಅದರಿಂದ ಒಡೆದುಹೋಗಿರಲಿಲ್ಲ.

ಜಾನ್ ಬೀ ತುತ್ತು ನುಂಗಿ, ನೀರು ಕುಡಿದು, ಏನೂ ಆಗದವರ ಹಾಗೆ ಕೇಳಿದರು. “ನಿಖತ್, ಅವತ್ತು ಐದು ಅಂದೆ ಅಲ್ವಾ? ನಾವು ಆರು ಜನ ಇದ್ದೀವಲ್ಲ, ಅದಕ್ಕೇನು ಮಾಡೋದು?”

ನಿಖತ್ ಮುಖ ಎತ್ತಿದಳು. ಅವಳ ನಗುವನ್ನು ಜಾನ್ ಬೀ ಅಷ್ಟು ಹತ್ತಿರದಿಂದ ಮೊದಲ ಬಾರಿ ನೋಡಿದರು, ಚೆಂದವಿತ್ತು.

“ನಾವಿಬ್ರೂ ಒಂದ್ರಲ್ಲೇ ಇರ್ತೀವಿ ಅಮ್ಮೀ. ಇವ್ರು ಟಿವಿ ಮುಂದೆ ಕೂತ ಐದು ನಿಮಿಷಕ್ಕೆ ಮಲಗ್ತಾರೆ,” ಎಂದು ಮುದಸ್ಸಿರನತ್ತ ಕಣ್ಣು ಹೊರಳಿಸಿದಳು.

“ನಾನೂ ನಿಮ್ಮ ಅಮ್ಮೀನೂ ಒಂದ್ರಲ್ಲೇ ಇರ್ತೀವಿ,” ಎಂದರು ಬಷೀರ್ ಸಾಬರು, ಉದಾರವಾಗಿ.

“ಬೇಡವೇ ಬೇಡ!” ಎಂದರು ಜಾನ್ ಬೀ. “ನಿಮ್ಮ ದೆವ್ವ ನನ್ನ ನೀರಿಗೆ ಇಳೀಬಾರ್ದು.”

ಊಟ ಮುಗಿದ ಮೇಲೆ ಎಲ್ಲರೂ ಟಿವಿಯ ಮುಂದೆ ಕೂತರು, ಹೊಸ ಮನೆಯ ಪಾಯ ಹಾಕುವವರಂತೆ. ನಿಖತ್ ಒಂದೊಂದೇ ಹೆಸರು ಸೇರಿಸಿದಳು. ಉಮ್ಮೆ ಹಾನಿಯದನ್ನು ಮಕ್ಕಳ ಪ್ರೊಫೈಲ್ ಮಾಡಿದಳು, ಅದರೊಳಗೆ ದೊಡ್ಡವರ ಚಿತ್ರ ತಲೆ ಹಾಕುವಂತಿಲ್ಲ. ಬಷೀರ್ ಸಾಬರಿಗೆ ಹೊಸದೊಂದು ತೆರೆದಾಗ, ಇಷ್ಟವಾದ ಕೆಲವನ್ನು ಆರಿಸಿ ಎಂದು ಅದು ಕೇಳಿತು. ಅವರು ಮೊದಲು ಒಂದು ಯುದ್ಧದ ಚರಿತ್ರೆಯನ್ನು ತೋರಿಸಿದರು. ಆಮೇಲೆ ಕೆಮ್ಮಿ, ಬಾವಿಯ ಹೆಂಗಸಿನ ಕಡೆಗೂ ಬ್ಯಾಂಡೇಜು ಚಾಚಿದರು. ಮಗು ಕೈತಪ್ಪಿ ಒಳಗೆ ಹೋಗದ ಹಾಗೆ ಅದಕ್ಕೆ ನಾಲ್ಕು ಅಂಕಿಯ ಬೀಗವನ್ನೂ ನಿಖತ್ ಹಾಕಿಸಿದಳು. ಮಲಗಿದ ಮೇಲೂ ದೆವ್ವ ಓಡದಿರಲಿ ಎಂದು, ಮುಂದಿನ ಕಂತು ತಾನಾಗಿ ಶುರುವಾಗುವುದನ್ನು ಆ ಹೆಸರಿನಲ್ಲಿ ನಿಲ್ಲಿಸಿದಳು.

“ಹಳೇ ಬಷೀರ್ ಇದ್ಯಲ್ಲ, ಅದನ್ನ ಅಳಿಸ್ಬಿಡಣವಾ?” ಎಂದು ಕೇಳಿದ ಮುಬಷೀರ್.

“ಅಳಿಸಿದ್ರೆ ಅದರಲ್ಲಿ ನೋಡಿದ್ದೆಲ್ಲಾ ಹೋಗುತ್ತೆ,” ಎಂದಳು ನಿಖತ್. “ಅರ್ಧ ನೋಡಿ ಬಿಟ್ಟಿದ್ದೂ ಹೋಗುತ್ತೆ.” ಅವಳು ಅತ್ತೆಯ ಕಡೆ ನೋಡಲಿಲ್ಲ. “ಅದನ್ನ ಅಮ್ಮೀಗೆ ಕೊಡಣ. ಹೆಸರು ಬದಲಾಯಿಸಿದ್ರಾಯ್ತು. ಬೇರೆಯವ್ರು ನೋಡಿದ್ದನ್ನ ನಾನು ಒಂದೊಂದೇ ತೆಗೀತೀನಿ.”

ಫೋನಿನಲ್ಲಿ ಖಾತೆಯ ಪುಟ ತೆರೆದು, ದೆವ್ವಗಳನ್ನು, ಕೇಕುಗಳನ್ನು, ಕ್ರಿಕೆಟ್ಟನ್ನು, ಕಾರ್ಟೂನುಗಳನ್ನು ಒಂದೊಂದಾಗಿ ಮರೆಮಾಡುತ್ತಾ ಹೋದಳು. ತನ್ನ ಕೇಕುಗಳನ್ನೂ ತಾನೇ ತೆಗೆಯುವುದನ್ನು ಜಾನ್ ಬೀ ನೋಡಿದರು. “ಇಷ್ಟೊಂದು ಕೇಕ್ ನೋಡ್ತೀಯಲ್ಲ, ಒಂದಾದ್ರೂ ಮಾಡಿ ತಿನ್ನಿಸಿದ್ದೀಯಾ?” ಎಂದರು. ನಿಖತ್‌ ಇನ್ನೊಂದು ಕೇಕನ್ನು ಮರೆಮಾಡಿದಳು. “ಓವನ್ ಬೇಕು ಅಮ್ಮೀ,” ಎಂದಳು ಕೊನೆಗೆ. ಓವನ್ ಎಂದರೆ ಇನ್ನೊಂದು ಒಲೆ. “ನೋಡಣ,” ಎಂದರು ಜಾನ್ ಬೀ. ಆ ಮನೆಯಲ್ಲಿ ‘ನೋಡಣ’ ಎಂದರೆ ಮುಕ್ಕಾಲು ಪಾಲು ಹೌದು ಎಂದೇ ಅರ್ಥ.

“ಎಲ್ಲಾ ತಕ್ಷಣ ಸರಿಹೋಗಲ್ಲ,” ಎಂದು ನಿಖತ್ ಎಚ್ಚರಿಸಿದಳು. “ತೆಗೆದಿದ್ದು ಟಿವೀಲಿ ಹೋಗಕ್ಕೆ ಒಂದು ದಿನ ಆಗ್ಬೋದು. ಇನ್ಮೇಲೆ ನಿಮ್ಮ ಹೆಸರಲ್ಲಿ ನೀವು ಮಾತ್ರ ನೋಡಿ.”

ಶನಿವಾರ ಮಧ್ಯಾಹ್ನ ಜಾನ್ ಬೀ ಒಬ್ಬರೇ ಟಿವಿ ಹಾಕಿದರು. ‘ಯಾರು ನೋಡುತ್ತಿದ್ದೀರಿ?’ ಎಂದು ಅದು ಕೇಳಿತು. ಸಾಲಿನ ಮೊದಲಲ್ಲೇ, ಮೊದಲು ಬಷೀರ್ ಇದ್ದ ಜಾಗದಲ್ಲಿ, ಕನ್ನಡ ಅಕ್ಷರದಲ್ಲಿ ‘ಜಾನ್ ಬೀ’ ಎಂದಿತ್ತು. ಮನೆಯ ಹೊರಬಾಗಿಲ ಮೇಲಿದ್ದದ್ದು ಗಂಡನ ಹೆಸರು, ಅಂಗಡಿಯ ಬೋರ್ಡಿನಲ್ಲೂ ಗಂಡನ ಹೆಸರು. ಅವರು ಹೊಲಿದ ಹಾಸಿಗೆಯನ್ನು ಊರವರು ಬಷೀರ್ ಹಾಸಿಗೆ ಎಂದೇ ಕೊಳ್ಳುತ್ತಿದ್ದರು. ಅದನ್ನು ಅವರು ಎಂದೂ ಕೊರತೆ ಎಂದುಕೊಂಡಿರಲಿಲ್ಲ. ಆದರೂ ಈಗ ಆ ಹೆಸರನ್ನು ಒತ್ತುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಸಂತೋಷವಾಯಿತು.

ಒಳಗೆ ದೆವ್ವಗಳಿರಲಿಲ್ಲ. ‘ನೋಡುವುದನ್ನು ಮುಂದುವರಿಸಿ’ ಎಂಬ ಸಾಲಿನಲ್ಲಿ, ಮೀನಿನ ಸರಣಿಯ ಪಕ್ಕದಲ್ಲೇ, ಎಂಟು ಕೈಗಳ ತಾಯಿ ತನ್ನ ಮೊಟ್ಟೆಗಳನ್ನು ತಬ್ಬಿಕೊಂಡು, ಇವರು ಬಿಟ್ಟು ಎದ್ದಿದ್ದ ಆ ಜಾಗದಲ್ಲೇ ಕೂತಿತ್ತು.

ಅದು ಇನ್ನೂ ಏನೂ ತಿಂದಿರಲಿಲ್ಲ. ಮೈ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೊನೆಗೊಂದು ಗಳಿಗೆಯಲ್ಲಿ ದಂಡೆಗಳು ಅಲುಗಿದವು. ಅಕ್ಕಿನುಚ್ಚಿನಷ್ಟು ಸಣ್ಣ ಮರಿಗಳು ಒಂದೊಂದಾಗಿ, ಆಮೇಲೆ ಗುಂಪುಗುಂಪಾಗಿ ಹೊರಬಿದ್ದವು. ತಾಯಿ ತನ್ನ ಉಳಿದ ಶಕ್ತಿಯಲ್ಲಿ ನೀರು ಊದಿ ಅವನ್ನು ಹೊರಗೆ ಕಳಿಸಿತು. ಅವು ಒಂದು ಆ ಕಡೆ, ಒಂದು ಈ ಕಡೆ, ಒಂದೂ ಹಿಂತಿರುಗಿ ನೋಡದೆ ಹೋದವು. ಎಂಟು ಕೈಗಳೂ ಖಾಲಿಯಾದವು. ತಾಯಿ ಬಂಡೆಯ ಮೇಲೆ ಒರಗಿತು, ಮತ್ತೆ ಏಳಲಿಲ್ಲ.

ಜಾನ್ ಬೀ ಸೆರಗಿನಿಂದ ಮೂಗು ಒರೆಸಿಕೊಂಡರು. ಗೋಡೆ ಎದ್ದ ದಿನದಿಂದ ತಾವೂ ಹೀಗೇ ತಬ್ಬಿಕೊಂಡು ಕೂತವರೇ ಎನಿಸಿತು. ತಬ್ಬಿದ್ದು ತಪ್ಪಲ್ಲ. ಮೊಟ್ಟೆ ಒಡೆದ ಮೇಲೂ ತಬ್ಬಿಕೊಂಡೇ ಇದ್ದದ್ದು ಮಾತ್ರ ಹೆಚ್ಚಾಯಿತು. ತಾವು ಆ ತಾಯಿಯಷ್ಟು ಜಾಣೆಯಲ್ಲ, ಆದರೆ ತಮಗೆ ಇನ್ನೂ ಊಟ ಸೇರುತ್ತದಲ್ಲ ಎಂದುಕೊಂಡರು.

ಹಿಂದೆ ಯಾರೋ ಮೂಗೆಳೆದ ಸದ್ದಾಯಿತು. ಬಾಗಿಲಿಗೆ ಒರಗಿ ಬಷೀರ್ ಸಾಬರು ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ಕಣ್ಣು ಕೆಂಪಾಗಿತ್ತು.

“ದೆವ್ವಕ್ಕೆ ಹೆದರದೋರು ಮೀನಿಗೆ ಅಳ್ತಿದ್ದೀರಾ?”

“ಗರಗಸದ ಪುಡಿ ಬಿತ್ತು ಕಣ್ಣಿಗೆ,” ಎಂದರು ಬಷೀರ್ ಸಾಬರು. ಅಂಗಡಿಯ ಕಡೆ ತಲೆ ಹಾಕಿ ಎಷ್ಟೋ ದಿನವಾಗಿತ್ತು. “ನಾನೂ ಕೂತ್ಕೋಬೋದಾ?”

ಜಾನ್ ಬೀ ಹತ್ತಿಯ ಮೂಟೆಯನ್ನು ಸರಿಸಿ ಜಾಗ ಮಾಡಿದರು. ಪರದೆಯ ಮೇಲೆ ಆಗಲೇ ಮುಂದಿನ ಸಾಲು ಬಂದು ನಿಂತಿತ್ತು: ಕಡಲಕುದುರೆ, ಮುತ್ತಿನ ಚಿಪ್ಪು, ಉದ್ದಕ್ಕೂ ನೀರು. ಗಂಡನ ಬ್ಯಾಂಡೇಜಿನ ಕೈ ಅಭ್ಯಾಸಬಲದಿಂದ ರಿಮೋಟಿನ ಕಡೆ ಜರುಗಿತು. ಜಾನ್ ಬೀ ಆ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದರು.

“ಕೂತ್ಕೊಳಿ, ನೋಡಿ, ಅಳೋದಿದ್ರೂ ಅಳಿ. ಬಟನ್ ಮಾತ್ರ ಮುಟ್ಟಬೇಡಿ. ಇದು ನನ್ನ ಬದಿ.”